ಒಂದೇ ವಾಕ್ಯದಲ್ಲಿ ನಾಲ್ಕು ‘ಇಂದ’

“ಕುಡಿಯುವ ನೀರಿನ ಯೋಜನೆಯ ಕುರಿತ ನನ್ನ ಲೇಖನ ಕಳಿಸಿದ್ದೇನೆ. ವ್ಯಾಕರಣದ ತಪ್ಪಿಲ್ಲ ಅಂದುಕೊಂಡಿದ್ದೇನೆ. ಆದರೂ ಓದಿದವರು ‘ಯಾಕೋ ಕಚೇರಿ ಕಡತದ ಹಾಗಿದೆ’ ಅನ್ನುತ್ತಾರೆ. ಎಲ್ಲಿ ಎಡವಿದ್ದೇನೆ?”

ಲೇಖನದಲ್ಲಿ ಮಾಹಿತಿ ಗಟ್ಟಿಯಾಗಿದೆ, ಆದರೆ ಹೀಗೇ ಪ್ರಕಟಿಸಲು ಬರುವುದಿಲ್ಲ. ತೊಡಕಿರುವುದು ವಿಭಕ್ತಿಗಳಲ್ಲಿ. ಎರಡನೇ ಪುಟದ ಈ ವಾಕ್ಯವನ್ನೇ ನೋಡಿ:

“ಇಲಾಖೆಯಿಂದ ಗ್ರಾಮ ಪಂಚಾಯಿತಿಗಳಿಂದ ಪ್ರಶ್ನಾವಳಿಯಿಂದ ಮಾಹಿತಿಯು 2021ರಿಂದ ಸಂಗ್ರಹಿಸಲಾಗಿದೆ.”

ಇಲ್ಲಿನ ನಾಲ್ಕು ‘ಇಂದ’ಗಳಿಗೆ ನಾಲ್ಕು ಕೆಲಸ: ಮಾಡಿದವರು, ಮಾಹಿತಿ ಬಂದ ಮೂಲ, ಸಾಧನ, ಶುರುವಾದ ಕಾಲ. ಶಾಲೆಯ ವ್ಯಾಕರಣ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬೇರೆ ಮಾಡುತ್ತದೆ. ಬಳಕೆಯಲ್ಲಿ ‘ದೆಸೆಯಿಂದ’ ಹೆಚ್ಚುಕಡಿಮೆ ಪಠ್ಯಪುಸ್ತಕದಲ್ಲೇ ಉಳಿದು, ಅದರ ಹೊರೆಯೂ ‘ಇಂದ’ದ ಹೆಗಲಿಗೇ ಬಿದ್ದಿದೆ. ಹಾಗಾಗಿ ಮೂಲಕ್ಕೂ ಕಾಲಕ್ಕೂ ‘ಇಂದ’ ಇರಲಿ. ಸಾಧನಕ್ಕೆ ಷಷ್ಠಿಯ ಜೊತೆ ‘ಮೂಲಕ’ ಹಾಕಿ: ಪ್ರಶ್ನಾವಳಿಯ ಮೂಲಕ. ಮಾಡಿದವರಿಗಂತೂ ‘ಇಂದ’ ಬೇಡವೇ ಬೇಡ, ಅವರನ್ನು ಪ್ರಥಮೆಯಲ್ಲಿ ಕೂರಿಸಿ.

ಇನ್ನು ‘ಮಾಹಿತಿಯು ಸಂಗ್ರಹಿಸಲಾಗಿದೆ’. ಇದು ಶೈಲಿಯ ಮಾತಲ್ಲ, ನೇರ ತಪ್ಪು. ‘-ಲಾಗಿದೆ’ ಬಂದಾಗ ಕರ್ಮಪದ ದ್ವಿತೀಯೆಯಲ್ಲೇ ಉಳಿಯುತ್ತದೆ: ಮಾಹಿತಿಯನ್ನು ಸಂಗ್ರಹಿಸಲಾಗಿದೆ. ಪ್ರಥಮೆ ಬೇಕೆಂದರೆ ಕ್ರಿಯಾಪದ ‘ಸಂಗ್ರಹಿಸಲ್ಪಟ್ಟಿದೆ’ ಆಗಬೇಕು, ಅದು ಓದಲು ಇನ್ನೂ ಭಾರ. ಈ ತಪ್ಪು ನುಸುಳುವ ದಾರಿ ಸ್ವಾರಸ್ಯವಾಗಿದೆ. ವಸ್ತುವಾಚಕ ಪದಗಳಲ್ಲಿ ‘ಅನ್ನು’ ಬಿಟ್ಟರೂ ನಡೆಯುತ್ತದೆ, ‘ಮಾಹಿತಿ ಸಂಗ್ರಹಿಸಲಾಗಿದೆ’ ಎಂಬುದು ಸರಿಯೇ. ಬರೆಯುವವರು ಅದಕ್ಕೆ ಗಾಂಭೀರ್ಯ ಬರಲೆಂದು ‘ಯು’ ಅಂಟಿಸುತ್ತಾರೆ, ಅಲ್ಲಿಗೆ ಕೆಟ್ಟಿತು. ಅನುಮಾನ ಬಂದರೆ ಆ ಜಾಗದಲ್ಲಿ ಒಬ್ಬ ಮನುಷ್ಯನನ್ನು ಇಟ್ಟು ನೋಡಿ. ‘ಅವನು ಆಯ್ಕೆ ಮಾಡಲಾಗಿದೆ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ, ‘ಅವನನ್ನು’ ಎಂದೇ ಬರುತ್ತದೆ.

ಕೆಲಸ 2021ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿದೆ ಎಂದು ನಿಮ್ಮ ಕೋಷ್ಟಕವೇ ಹೇಳುತ್ತದೆ. ಹಾಗಿದ್ದರೆ ವಾಕ್ಯ ಹೀಗಿರಲಿ:

“ಇಲಾಖೆಯು 2021ರಿಂದ ಪ್ರಶ್ನಾವಳಿಯ ಮೂಲಕ ಗ್ರಾಮ ಪಂಚಾಯಿತಿಗಳಿಂದ ಮಾಹಿತಿ ಸಂಗ್ರಹಿಸುತ್ತಿದೆ.”

‘ಇಂದ’ ಎರಡೇ ಉಳಿದವು, ಒಂದಕ್ಕೊಂದು ತಾಗುತ್ತಲೂ ಇಲ್ಲ.

ಐದನೇ ಪುಟದಲ್ಲಿ ‘ಮಾರ್ಚ್ 31ರವರೆಗೆ ವರದಿ ಸಲ್ಲಿಸಬೇಕು’ ಎಂದಿದೆ. ‘ವರೆಗೆ’ ಅಷ್ಟೂ ಕಾಲ ನಡೆಯುವ ಕೆಲಸಕ್ಕೆ ಹೊಂದುತ್ತದೆ: 31ರವರೆಗೆ ವರದಿ ಸ್ವೀಕರಿಸಲಾಗುವುದು. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ‘31ರೊಳಗೆ’. ಅದರಲ್ಲೂ 31ನೇ ತಾರೀಕು ಸೇರುತ್ತದೋ ಇಲ್ಲವೋ ಎಂಬ ತಕರಾರು ಏಳಬಹುದು. ಸುತ್ತೋಲೆಯಲ್ಲಾದರೆ ‘31ರ ಸಂಜೆ 5 ಗಂಟೆಯೊಳಗೆ’ ಎಂದು ಬರೆದುಬಿಡಿ.

ತಿದ್ದುವಾಗ ಮೊದಲು ‘-ಲಾಗಿದೆ’ ಇರುವ ವಾಕ್ಯಗಳನ್ನೆಲ್ಲ ಹುಡುಕಿ ಗುರುತು ಹಾಕಿಕೊಳ್ಳಿ. ‘ಇಂದ’ದ ಗೋಜಲು ಬಹುಪಾಲು ಅವುಗಳ ಸುತ್ತಲೇ ಇದೆ. ಅದಾದ ಮೇಲೆ ಇನ್ನೊಮ್ಮೆ ಕಳಿಸಿ.