ಬೆಜಿಯೆ ಕರ್ವ್ ತುಂಡು ಮಾಡಲು ಎಷ್ಟು ಸ್ಯಾಂಪಲ್ ಬೇಕು?

ಪ್ರಶ್ನೆ: ನಾಲ್ಕು ಕಂಟ್ರೋಲ್ ಪಾಯಿಂಟ್‌ಗಳ ಕ್ಯೂಬಿಕ್ ಬೆಜಿಯೆ ಕರ್ವ್ ಇದೆ. ಅದನ್ನು ಒಂದು `t` ಬೆಲೆಯಲ್ಲಿ ಎರಡು ತುಂಡು ಮಾಡಬೇಕು. ಈಗ ಸೂತ್ರದಿಂದ ಕರ್ವ್ ಮೇಲೆ ಸಾಕಷ್ಟು ಬಿಂದು ತೆಗೆದು, ಎರಡೂ ಕಡೆಗೆ ಹೊಸ ಕರ್ವ್ ಹೊಂದಿಸುತ್ತಿದ್ದೇನೆ. ಆದರೂ ಸ್ವಲ್ಪ ವ್ಯತ್ಯಾಸ ಬರುತ್ತಿದೆ. ಎಷ್ಟು ಸ್ಯಾಂಪಲ್ ತೆಗೆದುಕೊಂಡರೆ ಸರಿಯಾಗುತ್ತದೆ?

ಉತ್ತರ:

ಒಂದೂ ಬೇಡ. ಸ್ಯಾಂಪಲ್ ತೆಗೆಯುವ ದಾರಿಯನ್ನೇ ಬಿಡಿ. ಹೊಸ ಕಂಟ್ರೋಲ್ ಪಾಯಿಂಟ್‌ಗಳನ್ನು ಹುಡುಕಬೇಕಾಗಿಯೇ ಇಲ್ಲ, ಬಿಂದುವನ್ನು ಲೆಕ್ಕ ಹಾಕುವಾಗಲೇ ಅವು ಕೈಗೆ ಸಿಗುತ್ತವೆ. ಅದೂ ಅಂದಾಜಿನಲ್ಲಲ್ಲ, ಕರಾರುವಾಕ್ಕಾಗಿ.

ಕೆಲವು ವರ್ಷಗಳ ಹಿಂದೆ ನಾನು ನಾಮಫಲಕ ಮಾಡುವ ಒಂದು ವರ್ಕ್‌ಶಾಪ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಸಿಎನ್‌ಸಿ ರೂಟರ್‌ನಲ್ಲಿ ಅಕ್ರಿಲಿಕ್ ಶೀಟ್‌ನಿಂದ ಕನ್ನಡ ಅಕ್ಷರ ಕತ್ತರಿಸುವ ಕೆಲಸ. ನಮ್ಮ ಅಕ್ಷರಗಳು ಗೊತ್ತಲ್ಲ, ನೇರ ಗೆರೆ ಕಡಿಮೆ, ಗುಂಡಗಿರುವುದೇ ಜಾಸ್ತಿ. ಫಾಂಟ್‌ನಿಂದ ಬರುವ ಹೊರರೇಖೆಯಲ್ಲಿ ಹೆಚ್ಚಿನವೆಲ್ಲ ಕ್ಯೂಬಿಕ್ ಕರ್ವ್‌ಗಳೇ. ಅಕ್ಷರವನ್ನು ಪೂರ್ತಿ ಕತ್ತರಿಸಿಬಿಟ್ಟರೆ ತುಂಡು ಅಲುಗಾಡಿ, ತಿರುಗುತ್ತಾ ಕತ್ತರಿಸುವ ಬಿಟ್‌ಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಲ್ಲಲ್ಲಿ ಸ್ವಲ್ಪ ಜಾಗದಲ್ಲಿ ಬಿಟ್ ಮೇಲೆತ್ತಿ, ಶೀಟಿಗೆ ಅಂಟಿಕೊಂಡಿರುವ ಸಣ್ಣ ಸೇತುವೆ ಉಳಿಸುತ್ತೇವೆ. ಅದಕ್ಕೆ ಟ್ಯಾಬ್ ಅಂತಾರೆ. ಟ್ಯಾಬ್ ಇಡಬೇಕೆಂದರೆ ಕರ್ವ್ ಅನ್ನು ಸರಿಯಾದ ಜಾಗದಲ್ಲಿ ತುಂಡು ಮಾಡಲೇಬೇಕು. ನೀವು ಈಗ ಮಾಡುತ್ತಿರುವುದನ್ನೇ ನಾನೂ ಮೊದಲು ಮಾಡಿದ್ದು. ಬಿಂದು ತೆಗೆಯುವುದು, ಹೊಸ ಕರ್ವ್ ಕೂರಿಸುವುದು, ಕೂದಲೆಳೆಯಷ್ಟು ವ್ಯತ್ಯಾಸ ನೋಡಿ ಸ್ಯಾಂಪಲ್ ಜಾಸ್ತಿ ಮಾಡುವುದು.

ನಿಜವಾದ ದಾರಿ 1959ರಷ್ಟು ಹಳೆಯದು. ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪನಿಯಲ್ಲಿದ್ದ ಪಾಲ್ ಡಿ ಕ್ಯಾಸ್ಟಲ್ಜೋ ಕಂಡುಹಿಡಿದದ್ದು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯೆರ್ ಬೆಜಿಯೆ ತಮ್ಮ ಕೆಲಸವನ್ನು ಪ್ರಕಟಿಸಿದರು, ಹಾಗಾಗಿ ಕರ್ವ್‌ಗೆ ಅವರ ಹೆಸರು ಬಂತು.

ಮಾಡಬೇಕಾದದ್ದು ಒಂದೇ ಕೆಲಸ: ಎರಡು ಬಿಂದುಗಳ ನಡುವಿನ ನೇರ ಗೆರೆಯಲ್ಲಿ `t` ಭಾಗದಷ್ಟು ಮುಂದೆ ಹೋಗುವುದು. ಅದನ್ನೇ ಮತ್ತೆ ಮತ್ತೆ ಮಾಡಬೇಕು. ಒಂದು ಲೆಕ್ಕ ಮಾಡಿಯೇ ನೋಡೋಣ. ನಾಲ್ಕು ಬಿಂದುಗಳು ಹೀಗಿರಲಿ: (0, 0), (0, 320), (320, 320), (640, 0). ತುಂಡು ಮಾಡಬೇಕಾದ ಜಾಗ `t = 0.25`, ಅಂದರೆ ಪ್ರತಿ ಗೆರೆಯಲ್ಲೂ ಕಾಲು ಭಾಗ.

ಮೊದಲ ಸುತ್ತಿನಲ್ಲಿ ಮೂರು ಗೆರೆ. ಮೊದಲ ಗೆರೆಯ ಕಾಲು ಭಾಗಕ್ಕೆ `a` = (0, 80). ಎರಡನೆಯದರಲ್ಲಿ `b` = (80, 320). ಮೂರನೆಯದರಲ್ಲಿ `c` = (400, 240). ಈಗ ನಾಲ್ಕು ಬಿಂದು ಮೂರಾದವು. ಎರಡನೇ ಸುತ್ತಿನಲ್ಲಿ `a`ಯಿಂದ `b`ಗೆ ಕಾಲು ಭಾಗ ಹೋದರೆ `d` = (20, 140). `b`ಯಿಂದ `c`ಗೆ ಹೋದರೆ `e` = (160, 300). ಕೊನೆಯ ಸುತ್ತಿನಲ್ಲಿ `d`ಯಿಂದ `e`ಗೆ ಕಾಲು ಭಾಗ: `s` = (55, 180). ಇದೇ ಕರ್ವ್ ಮೇಲಿನ ಬಿಂದು. ನಿಮ್ಮ ಸೂತ್ರದಲ್ಲಿ 0.25 ಹಾಕಿ ನೋಡಿ, ಇದೇ ಬರುತ್ತದೆ.

ಈಗ ದಾರಿಯಲ್ಲಿ ಸಿಕ್ಕ ಬಿಂದುಗಳನ್ನು ಎಸೆಯಬೇಡಿ. ಎಡಗಡೆಯ ತುಂಡಿನ ಕಂಟ್ರೋಲ್ ಪಾಯಿಂಟ್‌ಗಳು ಮೊದಲ ಬಿಂದು, `a`, `d`, `s`. ಬಲಗಡೆಯ ತುಂಡಿಗೆ `s`, `e`, `c`, ಕೊನೆಯ ಬಿಂದು. ಅಷ್ಟೇ. `b` ಮಾತ್ರ ಯಾವ ತುಂಡಿನಲ್ಲೂ ಉಳಿಯುವುದಿಲ್ಲ.

ಇದು ಅಂದಾಜಲ್ಲ ಅಂದೆನಲ್ಲ, ಯಾಕೆ? ಕ್ಯೂಬಿಕ್ ಕರ್ವ್‌ನ ಒಂದು ಭಾಗವೂ ಕ್ಯೂಬಿಕ್ ಕರ್ವ್ ಆಗಿಯೇ ಇರುತ್ತದೆ. ಆ ಭಾಗವನ್ನು 0ರಿಂದ 1ಕ್ಕೆ ಸಮವಾಗಿ ಹಿಗ್ಗಿಸಿ ಬರೆದಾಗ ಅದಕ್ಕೆ ನಾಲ್ಕು ಕಂಟ್ರೋಲ್ ಪಾಯಿಂಟ್‌ಗಳ ಒಂದೇ ಒಂದು ಜೋಡಣೆ ಸಾಧ್ಯ. ಈ ಲೆಕ್ಕ ಕೊಡುವುದು ಅದನ್ನೇ. ನಿಮ್ಮ ವಿಧಾನ ಎಷ್ಟೇ ಚೆನ್ನಾಗಿದ್ದರೂ ಈ ಜೋಡಣೆಯ ಹತ್ತಿರಕ್ಕೆ ಬರಬಹುದು, ಅದಕ್ಕಿಂತ ಸರಿ ಆಗಲಾರದು.

```python
def lerp(p, q, t):
    return ((1-t)*p[0] + t*q[0], (1-t)*p[1] + t*q[1])

def split(p0, p1, p2, p3, t):
    a, b, c = lerp(p0, p1, t), lerp(p1, p2, t), lerp(p2, p3, t)
    d, e = lerp(a, b, t), lerp(b, c, t)
    s = lerp(d, e, t)
    return (p0, a, d, s), (s, e, c, p3)
```

ಎರಡೂ ತುಂಡಿಗೆ ಅದೇ `s` ಹೋಗುತ್ತಿದೆ, ಗಮನಿಸಿ. ಬೇರೆ ಬೇರೆ ಲೆಕ್ಕ ಹಾಕಿದರೆ ದಶಾಂಶದ ಕೊನೆಯಲ್ಲಿ ಸಣ್ಣ ಬಿರುಕು ಬರಬಹುದು.

ಈಗ ನಮಗೆ ನಷ್ಟ ಮಾಡಿದ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಯಾಕೆಂದರೆ ನೀವೂ ನಾಳೆ ಒಂದೇ ಕರ್ವ್ ಅನ್ನು ಎರಡು ಕಡೆ ಕತ್ತರಿಸುತ್ತೀರಿ, ಆಗ ಇದೇ ಗುಂಡಿ ಎದುರಾಗುತ್ತದೆ.

ನನಗೆ 0.25ರಿಂದ 0.5ರವರೆಗೆ ಟ್ಯಾಬ್ ಬೇಕಿತ್ತು. ಮೊದಲು 0.25ರಲ್ಲಿ ತುಂಡು ಮಾಡಿದೆ. ಬಲಗಡೆಯ ತುಂಡು ತೆಗೆದುಕೊಂಡೆ. ಅದನ್ನು 0.5ರಲ್ಲಿ ತುಂಡು ಮಾಡಿದೆ. ಓದುವಾಗ ಸರಿ ಅನಿಸುತ್ತದೆ ಅಲ್ವಾ? ಆದರೆ ಬಲಗಡೆಯ ತುಂಡು ಈಗ ಸ್ವಂತ ಕರ್ವ್. ಅದರ `t` ಮತ್ತೆ 0ರಿಂದ ಶುರುವಾಗಿ 1ಕ್ಕೆ ಮುಗಿಯುತ್ತದೆ. ಅದರ 0.5 ಅಂದರೆ ಮೂಲ ಕರ್ವ್‌ನ 0.5 ಅಲ್ಲ, ಉಳಿದ ಮುಕ್ಕಾಲು ಭಾಗದ ಅರ್ಧ. ಅಂದರೆ 0.25 + 0.75 × 0.5 = 0.625. ಹಗ್ಗದಿಂದ ಕಾಲು ಭಾಗ ಕತ್ತರಿಸಿದ ಮೇಲೆ ಉಳಿದದ್ದರ ನಡುವೆ ಗುರುತು ಹಾಕಿ, ಅದೇ ಮೊದಲಿನ ಹಗ್ಗದ ನಡು ಅಂದ ಹಾಗೆ.

ಮೇಲಿನ ಕರ್ವ್‌ನಲ್ಲೇ ನೋಡಿ. ಮೂಲದಲ್ಲಿ `t = 0.5` ಇರುವ ಬಿಂದು (200, 240). ಬಲ ತುಂಡನ್ನು 0.5ರಲ್ಲಿ ಕತ್ತರಿಸಿದರೆ ಸಿಗುವುದು (296.875, 225). ಇನ್ನು ಮೂರನೇ ಕಡಿತ 0.75ರಲ್ಲಿ ಬೇಕು ಅಂತ ಇದೇ ರೀತಿ ಮುಂದುವರಿದರೆ ಅದು ಬೀಳುವುದು ಮೂಲದ 0.906ರ ಹತ್ತಿರ. ಪ್ರತಿ ಕಡಿತವೂ ಕರ್ವ್‌ನ ಕೊನೆಯ ಕಡೆಗೆ ಜಾರುತ್ತದೆ.

ಇದರಲ್ಲಿ ಕೆಟ್ಟದ್ದು ಏನೆಂದರೆ ಸ್ಕ್ರೀನ್ ಮೇಲೆ ಏನೂ ಗೊತ್ತಾಗುವುದಿಲ್ಲ. ತಪ್ಪು ಬಿಂದುವೂ ಮೂಲ ಕರ್ವ್ ಮೇಲೆಯೇ ಇದೆ. ತುಂಡುಗಳು ಒಂದಕ್ಕೊಂದು ಸರಿಯಾಗಿ ಸೇರುತ್ತವೆ. ಅಕ್ಷರದ ಆಕಾರ ಒಂದಿಷ್ಟೂ ಕೆಡುವುದಿಲ್ಲ. ಒಂದೇ ಕಡಿತ ಇಟ್ಟು ಪರೀಕ್ಷೆ ಮಾಡಿದರೆ ಉತ್ತರ ಸರಿ, ಮೊದಲ ಕಡಿತ ಯಾವಾಗಲೂ ಸರಿಯೇ. ನಾನು ಪರೀಕ್ಷಿಸಿದ್ದೂ ಹಾಗೆಯೇ. ಯಂತ್ರದಲ್ಲಿ ಶೀಟ್ ಕತ್ತರಿಸಿದ ಮೇಲೆ ನೋಡಿದರೆ ಟ್ಯಾಬ್‌ಗಳು ಬೇಕಾದ್ದಕ್ಕಿಂತ ಉದ್ದ. ಗುಂಡಗಿನ ಹೊಟ್ಟೆಯಲ್ಲಿ ಇರಬೇಕಾದವು ಕರ್ವ್ ಮುಗಿಯುವ ಮೂಲೆಗೆ ಹೋಗಿದ್ದವು. ಒತ್ತಕ್ಷರಗಳ ಸಣ್ಣ ಕುತ್ತಿಗೆಯ ಹತ್ತಿರ ಬಿದ್ದ ಟ್ಯಾಬ್ ಮುರಿಯುವಾಗ ಅಕ್ಷರವೇ ಸೀಳಿತು. ಇಡೀ ಶೀಟ್ ಹಾಳು. ಆಪರೇಟರ್ "ಬಿಟ್ ಮೊಂಡಾಗಿರಬೇಕು ಸರ್" ಅಂದರು. ನಾನೂ ಬಿಟ್, ವೇಗ, ಆಳ ಎಲ್ಲ ಬದಲಾಯಿಸಿ ನೋಡಿದೆ. ಕೊನೆಗೆ ಟ್ಯಾಬ್‌ನ ಎರಡೂ ತುದಿಯ ಬಿಂದುಗಳನ್ನು ಪ್ರಿಂಟ್ ಮಾಡಿ, ಮೂಲ ಕರ್ವ್‌ನ ಬಿಂದುಗಳ ಪಕ್ಕ ಇಟ್ಟಾಗ ಸಿಕ್ಕಿಬಿತ್ತು. ಮೊದಲ ತುದಿ ಎಲ್ಲ ಕಡೆ ಸರಿ, ಎರಡನೆಯದು ಎಲ್ಲ ಕಡೆ ಮುಂದೆ.

ಸರಿಪಡಿಸುವುದು ಒಂದೇ ಸಾಲು:

```python
def piece(curve, t0, t1):
    _, right = split(*curve, t0)
    u = (t1 - t0) / (1 - t0)
    mid, _ = split(*right, u)
    return mid
```

ನಮ್ಮ ಉದಾಹರಣೆಯಲ್ಲಿ `u` = 0.25 / 0.75, ಅಂದರೆ ಮೂರನೇ ಒಂದು ಭಾಗ. ಬಲ ತುಂಡಾದ (55, 180), (160, 300), (400, 240), (640, 0) ಅನ್ನು ಅಲ್ಲಿ ಕತ್ತರಿಸಿ ನೋಡಿ, ಬರುವುದು (200, 240). ಮೂಲದ 0.5 ಅದೇ. `t0` 1 ಆದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ, ಅದನ್ನು ಮೊದಲೇ ತಡೆಯಿರಿ. ಪರೀಕ್ಷೆ ಬರೆಯುವುದಾದರೆ ಆಕಾರ ನೋಡಬೇಡಿ, ತುದಿಗಳನ್ನು ನೋಡಿ: ತುಂಡಿನ ಕೊನೆಯ ಬಿಂದು ಮೂಲ ಕರ್ವ್‌ನ `t1` ಬಿಂದುವಿಗೆ ಸಮ ಇರಬೇಕು. ಕನಿಷ್ಠ ಎರಡು ಕಡಿತ ಇಟ್ಟು ನೋಡಿ.

ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ಹೇಳುತ್ತೇನೆ. `t` ಅಂದರೆ ಉದ್ದ ಅಲ್ಲ. `t = 0.5` ಅಂದರೆ ಕರ್ವ್‌ನ ಉದ್ದದ ನಡು ಅಂತ ತಿಳಿಯಬೇಡಿ. ಮೇಲಿನ ಕರ್ವ್‌ನಲ್ಲಿ `t` ಒಂದೇ ಹದದಲ್ಲಿ ಹೆಚ್ಚಿದರೂ ಬಿಂದು ಓಡುವ ವೇಗ ಶುರುವಿನಲ್ಲಿ 960, ನಡುವೆ 720, ಕೊನೆಯಲ್ಲಿ ಸುಮಾರು 1358. ಹಾಗಾಗಿ "ಟ್ಯಾಬ್ 4 ಮಿಲಿಮೀಟರ್ ಇರಲಿ" ಅಂದರೆ `t`ಯಲ್ಲಿ ಇಷ್ಟು ಅಂತ ನೇರವಾಗಿ ಹೇಳಲಾಗದು. ನಾನು ಮಾಡುವುದು ಹೀಗೆ: ಇದೇ `split` ಬಳಸಿ ಕರ್ವ್ ಅನ್ನು ಅರ್ಧ, ಅರ್ಧದ ಅರ್ಧ ಅಂತ ತುಂಡರಿಸುತ್ತಾ ಹೋಗುತ್ತೇನೆ. ಕಂಟ್ರೋಲ್ ಪಾಯಿಂಟ್‌ಗಳನ್ನು ಸೇರಿಸುವ ಮುರುಕು ಗೆರೆಯ ಉದ್ದ, ತುದಿಯಿಂದ ತುದಿಗೆ ನೇರ ಗೆರೆಯ ಉದ್ದ, ಇವೆರಡರ ವ್ಯತ್ಯಾಸ ಸಾಕಷ್ಟು ಕಡಿಮೆಯಾದಾಗ ನಿಲ್ಲಿಸುತ್ತೇನೆ. ನಿಜವಾದ ಉದ್ದ ಆ ಎರಡರ ನಡುವೆಯೇ ಇರುತ್ತದೆ. ಆ ಚೂರುಗಳ ಉದ್ದ ಕೂಡುತ್ತಾ ಹೋದರೆ ಬೇಕಾದ ಮಿಲಿಮೀಟರ್ ಯಾವ `t`ಯಲ್ಲಿದೆ ಅಂತ ಸಿಗುತ್ತದೆ. ಸ್ಯಾಂಪಲ್ ಗೀಂಪಲ್ ಏನಾದರೂ ಬೇಕಾದರೆ ಇಲ್ಲಿ ಬೇಕು, ತುಂಡು ಮಾಡುವಾಗ ಅಲ್ಲ.

ನೀವು ಕತ್ತರಿಸಿದ ಕರ್ವ್ ಅನ್ನು ಮತ್ತೆ ಫಾಂಟ್ ಫೈಲಿಗೆ ಬರೆಯುವುದಾದರೆ ಬಿಂದುಗಳು ಸಾಮಾನ್ಯವಾಗಿ ಪೂರ್ಣಾಂಕಕ್ಕೆ ಸುತ್ತಿಕೊಳ್ಳುತ್ತವೆ. ನನ್ನ ಉದಾಹರಣೆಯಲ್ಲಿ ಎಲ್ಲ ಸಂಖ್ಯೆಯೂ 64ರ ಗುಣಕ ಇದ್ದದ್ದರಿಂದ 0.25ರ ಕಡಿತದಲ್ಲಿ ಪೂರ್ಣಾಂಕವೇ ಬಂತು, ನಿಮ್ಮಲ್ಲಿ ಬರುವುದಿಲ್ಲ. `d`, `s`, `e` ಒಂದೇ ಗೆರೆಯಲ್ಲಿ ಇರಬೇಕು, ಅದರಿಂದಲೇ ಸೇರುವ ಜಾಗ ನುಣುಪಾಗಿರುವುದು. ನಮ್ಮಲ್ಲಿ `d`ಯಿಂದ `s`ಗೆ (35, 40), `s`ನಿಂದ `e`ಗೆ (105, 120), ಸರಿಯಾಗಿ 1ಕ್ಕೆ 3. ಮೂರನ್ನೂ ಬೇರೆ ಬೇರೆ ಸುತ್ತಿದರೆ ಈ ಗೆರೆ ಸ್ವಲ್ಪ ಬಾಗುತ್ತದೆ. ಹ್ಯಾಂಡಲ್, ಅಂದರೆ `s`ನಿಂದ `d`ಗೋ `e`ಗೋ ಇರುವ ಗೆರೆ, ಗಿಡ್ಡವಾದಷ್ಟೂ ಬಾಗು ಜಾಸ್ತಿ, `t` 0ಗೋ 1ಕ್ಕೋ ತೀರ ಹತ್ತಿರ ಇದ್ದಾಗ ಕಣ್ಣಿಗೇ ಕಾಣುತ್ತದೆ. ಯಂತ್ರಕ್ಕೆ ಕಳಿಸುವುದಾದರೆ ದಶಾಂಶ ಹಾಗೆಯೇ ಇಟ್ಟು, ಕೊನೆಯ ಔಟ್‌ಪುಟ್ ಬರೆಯುವಾಗ ಮಾತ್ರ ಸುತ್ತಿ.