ಗಾಳಿಯಲ್ಲಿ ಸುತ್ತುತ್ತೆ, ನೆಲಕ್ಕೆ ಬಿದ್ದರೆ ನೆಟ್ಟಗೆ ಹೋಗುತ್ತೆ

ಪ್ರಶ್ನೆ: ನಾನು ಬಲಗೈ ಆಫ್ ಸ್ಪಿನ್ನರ್. ಬಾಲ್ ಗಾಳಿಯಲ್ಲಿ ಚೆನ್ನಾಗಿ ಸುತ್ತೋದು ಕಾಣಿಸುತ್ತೆ, ಸ್ವಲ್ಪ ಸ್ಲಿಪ್ ಕಡೆ ತೇಲುತ್ತೆ ಕೂಡ. ಆದ್ರೆ ಪಿಚ್ ಆದ್ಮೇಲೆ ತಿರುಗೋದೇ ಇಲ್ಲ. ಬೆರಳಿನ ಸ್ಪಿನ್ ಬಿಟ್ಟು ಲೆಗ್ ಸ್ಪಿನ್‌ಗೆ ಹೋಗ್ಲಾ?

ಈಗಲೇ ಬಿಡಬೇಡಿ. ತೇಲುತ್ತೆ ಆದ್ರೆ ತಿರುಗಲ್ಲ ಅಂತ ನೀವೇ ಬರೆದಿದ್ದೀರಲ್ಲ, ರೋಗ ಅಲ್ಲೇ ಗೊತ್ತಾಯ್ತು. ಬಾಲ್ ಸಾಕಷ್ಟು ಸುತ್ತುತ್ತಿದೆ, ಸುತ್ತುವ ದಿಕ್ಕು ತಪ್ಪಿದೆ. ನನಗೂ ಎರಡು ಸೀಸನ್ ಇದೇ ಕಥೆ.

ನಾನು ಸಿಂಧನೂರು ಕಡೆಯವನು. ಹುಡುಗರಾಗಿದ್ದಾಗ ನಾವೆಲ್ಲ ಟೆನಿಸ್ ಬಾಲ್‌ನಲ್ಲೇ ಆಡಿದ್ದು. ಅದನ್ನ ಬೆರಳಲ್ಲಿ ಹಿಚುಕಿ ಪಕ್ಕದಿಂದ ಜಾರಿಸಿದರೂ ಎಷ್ಟೋ ತಿರುಗುತ್ತಿತ್ತು, ಹಾಗಾಗಿ ನಾನು ದೊಡ್ಡ ಸ್ಪಿನ್ನರ್ ಅಂದುಕೊಂಡಿದ್ದೆ. ರಾಯಚೂರಿಗೆ ಬಂದು ಮ್ಯಾಟ್ ಮೇಲೆ ಲೆದರ್ ಬಾಲ್ ಹಿಡಿದ ಮೊದಲ ಮ್ಯಾಚ್‌ನಲ್ಲೇ ನಾಲ್ಕು ಓವರ್‌ಗೆ ನಲವತ್ತರ ಹತ್ತಿರ ಹೊಡೆಸಿಕೊಂಡೆ. ಮ್ಯಾಚ್ ಮುಗಿದು ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ, ಅಂಪೈರಿಂಗ್ ಮಾಡಿದ್ದ ಹಿರಿಯರೊಬ್ಬರು ಬಂದು ಹೇಳಿದ್ದು ಎರಡೇ ಮಾತು: "ತಮ್ಮಾ, ನಿನ್ನ ಚೆಂಡು ಬುಗುರಿ ತಿರುಗಿದಂಗ ತಿರುಗಾಕತ್ತೈತಿ. ಗಾಲಿ ಉಳ್ಳಿದಂಗ ತಿರುಗಬೇಕು."

ಆವತ್ತು ನನಗೆ ಅರ್ಥ ಆಗಲಿಲ್ಲ. ಮನೆಗೆ ಹೋಗಿ ಬಾಲ್‌ನ ಟೇಬಲ್ ಮೇಲೆ ಇಟ್ಟು ಸುತ್ತಿಸಿ ನೋಡಿದ ಮೇಲೆ ಆಯ್ತು. ನೀವೂ ಮಾಡಿ ನೋಡಿ. ಬುಗುರಿ ತರ ಸುತ್ತಿಸಿದರೆ ಎಷ್ಟೇ ಜೋರಾಗಿ ಸುತ್ತಿದರೂ ಅದು ಇದ್ದಲ್ಲೇ ಇರುತ್ತದೆ, ಯಾಕೆಂದರೆ ನೆಲಕ್ಕೆ ತಾಗಿರುವ ಜಾಗ ಯಾವ ಕಡೆಗೂ ಎಳೆಯುತ್ತಿಲ್ಲ. ಅದೇ ಬಾಲ್‌ನ ಬಲಕ್ಕೆ ಉರುಳುವ ಗಾಲಿ ತರ ಸುತ್ತಿಸಿ ಬಿಟ್ಟರೆ ನೆಲ ಕಚ್ಚಿ ಬಲಕ್ಕೆ ಓಡುತ್ತದೆ. ಆಫ್ ಬ್ರೇಕ್ ಅಂದ್ರೆ ಇಷ್ಟೇ: ಬ್ಯಾಟ್ಸ್‌ಮನ್ ಕಡೆ ಹೋಗುತ್ತಿರುವ ಬಾಲ್, ಬೌಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ತರ ಸುತ್ತುತ್ತಿರುತ್ತದೆ. ಕೆಳಗೆ ತಾಗಿದ ತಕ್ಷಣ ನೆಲದ ಹಿಡಿತಕ್ಕೆ ಬಲಕ್ಕೆ, ಅಂದರೆ ಬಲಗೈ ಬ್ಯಾಟ್ಸ್‌ಮನ್‌ನ ಲೆಗ್ ಕಡೆಗೆ ಓಡುತ್ತದೆ.

ಬುಗುರಿ ತರ ಸುತ್ತುವ ಬಾಲ್ ಗಾಳಿಯನ್ನ ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ನಿಮ್ಮದು ಸ್ಲಿಪ್ ಕಡೆ ತೇಲುತ್ತಿರೋದು. ನೋಡೋಕೆ ಚೆಂದ. ವಿಕೆಟ್ ಬರಲ್ಲ. (ಬೇಕು ಅಂತಲೇ ಹಾಗೆ ಹಾಕಿ, ತಿರುಗುತ್ತೆ ಅಂತ ಕಾದವನನ್ನ ಎಲ್‌ಬಿ ಮಾಡುವವರೂ ಇದ್ದಾರೆ, ಆದರೆ ಅವರ ಹತ್ತಿರ ತಿರುಗುವ ಬಾಲ್ ಮೊದಲೇ ಇರುತ್ತೆ.)

ಹೀಗೆ ಯಾಕಾಗುತ್ತೆ ಅಂದ್ರೆ, ತೋರುಬೆರಳು ಹೋಗುವ ದಾರಿ ತಪ್ಪುತ್ತೆ. ತೋರುಬೆರಳು, ನಡುಬೆರಳು ಎರಡನ್ನೂ ಅಗಲಿಸಿ, ಮೇಲಿನ ಗೆಣ್ಣುಗಳು ಸೀಮ್ ಮೇಲೆ ಅಡ್ಡಡ್ಡ ಕೂರುವ ಹಾಗೆ ಹಿಡಿಯುತ್ತೇವಲ್ಲ, ಅದರಲ್ಲಿ ಕೆಲಸ ಮಾಡೋದು ಜಾಸ್ತಿ ತೋರುಬೆರಳೇ. ಬಾಲ್ ಬಿಡುವಾಗ ಅದು ಬಾಲ್‌ನ ಮೇಲಿನಿಂದ ಬಲಪಕ್ಕಕ್ಕೆ ಇಳಿಯುತ್ತಾ ಎಳೆಯಬೇಕು, ಬಾಗಿಲ ಗುಂಡು ಹಿಡಿ ತಿರುಗಿಸಿ ತೆಗೆದ ಹಾಗೆ. ಕೈ ಕೆಳಗಿಳಿದು ಪಕ್ಕದಿಂದ ಬಂದರೆ ಬೆರಳು ಬಲಪಕ್ಕವನ್ನ ಸವರಿಕೊಂಡು ಮುಂದಕ್ಕೆ ಹೋಗುತ್ತದೆ. ಅಷ್ಟಾದರೆ ಮುಗೀತು, ಬುಗುರಿ. ನನ್ನ ವಿಷಯದಲ್ಲಿ ಕೈ ಇಳಿಯೋಕೆ ಕಾರಣ ಎಡಗೈ. ಅದನ್ನ ಬೇಗ ಕೆಳಗೆ ಬಿಟ್ಟುಬಿಡುತ್ತಿದ್ದೆ, ಎದೆ ಮೊದಲೇ ತೆರೆದುಕೊಳ್ಳುತ್ತಿತ್ತು, ಮೈ ಎಡಕ್ಕೆ ವಾಲುತ್ತಿತ್ತು, ಬಲಗೈಗೆ ಮೇಲಿಂದ ಬರೋಕೆ ಜಾಗವೇ ಇರುತ್ತಿರಲಿಲ್ಲ. ಎಡಗೈ ಇನ್ನೊಂದು ಕ್ಷಣ ಮೇಲೆ ನಿಲ್ಲಿಸಿ, ಎಡಗಾಲಿನ ತುದಿ ಮೇಲೆ ತಿರುಗಿ, ಬಲಗೈ ಎಡ ಸೊಂಟ ದಾಟಿ ಹೋಗುವ ಹಾಗೆ ಮಾಡಿದ ಮೇಲೆ ಸರಿಯಾಯ್ತು. ಮೂರು ವಾರ ಹಿಡಿಯಿತು. ಆ ಮೂರು ವಾರ ಫುಲ್ ಟಾಸ್ ಎಷ್ಟು ಹಾಕಿದೆ ಅಂತ ಕೇಳಬೇಡಿ.

ನಿಮ್ಮದು ನಿಜವಾಗಿ ಇದೇ ತೊಂದರೆಯಾ ಅಂತ ನೋಡೋಕೆ ಹಳೇ ಬಾಲ್‌ನ ಸೀಮ್‌ಗೆ ಸುತ್ತಲೂ ವೈಟ್ನರ್ ಹಚ್ಚಿ. ಗೆಳೆಯನಿಗೆ ಫೋನ್ ಕೊಟ್ಟು ನಿಮ್ಮ ಹಿಂದೆ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು ತೆಗೆಸಿ. ಮಾಮೂಲಿ ವಿಡಿಯೊದಲ್ಲಿ ಏನೂ ಕಾಣಲ್ಲ, ಯಾಕೆಂದರೆ ನಿಮಿಷಕ್ಕೆ 1800 ಸುತ್ತು ಅಂದರೆ ಸೆಕೆಂಡಿಗೆ 30, ಕೈಯಿಂದ ಬಿಟ್ಟು ನೆಲಕ್ಕೆ ಬೀಳುವಷ್ಟರಲ್ಲಿ ಬಾಲ್ ಹೆಚ್ಚುಕಡಿಮೆ ಇಪ್ಪತ್ತು ಸುತ್ತು ಮುಗಿಸಿರುತ್ತದೆ. ಬಿಳಿ ಪಟ್ಟಿ ನೆಲಕ್ಕೆ ಸಮನಾಗಿ, ತಟ್ಟೆ ಮಲಗಿಸಿದ ಹಾಗೆ ಕಂಡರೆ ಅದು ಬುಗುರಿ. ನೆಟ್ಟಗೆ ನಿಂತು ಲೆಗ್ ಸ್ಲಿಪ್ ಕಡೆ ಮುಖ ಮಾಡಿದ್ದರೆ ಸರಿ ಇದೆ, ತಿರುವಿನ ಜೊತೆ ಸ್ವಲ್ಪ ಪುಟಿತವೂ ಸಿಗುತ್ತದೆ.

ಎಷ್ಟು ತಿರುಗಿದರೆ ಸಾಕು ಅನ್ನೋದೂ ಗೊತ್ತಿರಲಿ. ಬ್ಯಾಟ್ಸ್‌ಮನ್‌ಗಿಂತ 3 ಮೀಟರ್ ಮುಂದೆ ಬಿದ್ದ ಬಾಲ್ ಬರೀ 5 ಡಿಗ್ರಿ ತಿರುಗಿದರೆ, ಅವನನ್ನ ಮುಟ್ಟುವಷ್ಟರಲ್ಲಿ ಸುಮಾರು 26 ಸೆಂಟಿಮೀಟರ್ ಸರಿದಿರುತ್ತದೆ. ಮೂರೂ ಸ್ಟಂಪ್ ಸೇರಿ ಅಗಲ 23 ಸೆಂಟಿಮೀಟರ್ ಇಲ್ಲ. ಅಂದರೆ ಆಫ್ ಸ್ಟಂಪ್ ಮುಂದೆ ಬಿದ್ದದ್ದು ಲೆಗ್ ಸ್ಟಂಪೂ ಬಿಟ್ಟು ಹೋಗುತ್ತದೆ. ಟಿವಿಯಲ್ಲಿ ನೋಡಿದ ಹಾಗೆ ಮಾರುದ್ದ ತಿರುಗಬೇಕು ಅಂತ ಒದ್ದಾಡಬೇಡಿ.

ಇನ್ನು ಲೆಗ್ ಸ್ಪಿನ್. ಅಲ್ಲಿ ಮಣಿಕಟ್ಟನ್ನ ಒಳಕ್ಕೆ ಮಡಚಿಟ್ಟುಕೊಂಡು ಬಿಡುವಾಗ ಬಿಚ್ಚುತ್ತೀರಿ, ಜೊತೆಗೆ ಸೀಮ್ ಉದ್ದಕ್ಕೆ ಮಡಚಿ ಇಟ್ಟ ಉಂಗುರ ಬೆರಳು ಬಾಲ್‌ನ ತಳ್ಳುತ್ತದೆ. ಬರೀ ಬೆರಳಿಗಿಂತ ಮಣಿಕಟ್ಟು ತಿರುಗುವ ದಾರಿ ಉದ್ದ, ಅದಕ್ಕೇ ಸುತ್ತು ಜಾಸ್ತಿ, ಸತ್ತ ಪಿಚ್ ಮೇಲೂ ತಿರುಗುವ ಸಾಧ್ಯತೆ ಹೆಚ್ಚು. ಆದರೆ ಬಾಲ್ ಕೈಯ ಪಕ್ಕದಿಂದ ಹೊರಗೆ ಬರೋದರಿಂದ ಕೂದಲಷ್ಟು ಬೇಗ ಬಿಟ್ಟರೆ ಫುಲ್ ಟಾಸ್, ತಡವಾದರೆ ಅರ್ಧ ಪಿಚ್. ಬೆರಳಿನ ಸ್ಪಿನ್‌ನಲ್ಲಿ ಬಾಲ್ ಕೈ ಮುಂದಿನಿಂದಲೇ ಹೋಗುತ್ತದೆ, ಲೆಂಗ್ತ್ ಬೇಗ ಕೈಗೆ ಬರುತ್ತದೆ.

ನೀವು ಲೆಗ್ ಸ್ಪಿನ್‌ಗೆ ಹೋದರೂ ಗಾಲಿ, ಬುಗುರಿ ಲೆಕ್ಕ ಬಿಡಲ್ಲ. ಅಲ್ಲೂ ಕೈ ಇಳಿದರೆ ಬಾಲ್ ನೆಟ್ಟಗೇ ಹೋಗುತ್ತೆ. ಮಣಿಕಟ್ಟು ಎತ್ತ ನೋಡುತ್ತೆ ಅನ್ನೋದರ ಮೇಲೆ ಗಾಲಿಯ ದಿಕ್ಕು ಬದಲಾಗುತ್ತದೆ: ಎಡಕ್ಕೆ ಉರುಳಿದರೆ ಲೆಗ್ ಬ್ರೇಕ್, ನೇರ ಮುಂದಕ್ಕಾದರೆ ಟಾಪ್ ಸ್ಪಿನ್, ಕೈ ಹಿಂಭಾಗ ಬ್ಯಾಟ್ಸ್‌ಮನ್‌ಗೆ ಕಾಣುವಷ್ಟು ತಿರುಗಿಸಿ ಬಲಕ್ಕೆ ಉರುಳಿಸಿದರೆ ಗೂಗ್ಲಿ. ನಮ್ಮ ಕುಂಬ್ಳೆಯವರನ್ನೇ ನೋಡಿ, ದೊಡ್ಡ ತಿರುವು ಕಡಿಮೆ. ಮುಂದಕ್ಕೆ ಉರುಳುವ ಸುತ್ತು, ಎತ್ತರ, ವೇಗ, ಪುಟಿತ ಇವುಗಳಿಂದಲೇ ಹೆಚ್ಚು ವಿಕೆಟ್, ಟೆಸ್ಟ್‌ನಲ್ಲಿ 619.

ಹಾಗಾಗಿ ಮೊದಲು ವೈಟ್ನರ್ ಹಚ್ಚಿ ಹತ್ತು ಬಾಲ್ ವಿಡಿಯೊ ಮಾಡಿ. ಪಟ್ಟಿ ನೆಟ್ಟಗೆ ನಿಂತಿದ್ದೂ ಮ್ಯಾಟ್ ಮೇಲೂ ತಿರುಗದೆ ಇದ್ದರೆ, ಆಗ ಸುತ್ತು ಸಾಲುತ್ತಿಲ್ಲ ಅಂತ ಅರ್ಥ, ಲೆಗ್ ಸ್ಪಿನ್ ಯೋಚನೆ ಮಾಡಬಹುದು. ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ತೆಗೀಬೇಡಿ, ಬೆವರಿದ ಬೆರಳು ಜಾರಿದರೆ ಎಂಥ ಹಿಡಿತವೂ ಬುಗುರಿಯೇ ಆಗುತ್ತೆ.