ಅಲ್ಲಿ ಹೆಚ್ಚು ಬರೆದೆವು, ಇಲ್ಲಿ ಬಿಟ್ಟೆವು

ಮೇ ತಿಂಗಳು ಬಂತೆಂದರೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಸಣ್ಣ ಕಾರ್ಖಾನೆಯವರು ಒಂದೇ ಬಗೆಯ ಕಾಗದ ಹಿಡಿದು ನನ್ನ ಬಳಿ ಬರುತ್ತಾರೆ. ಅದು ಹೊಣೆಗಾರಿಕೆ ವಿಮೆಯ ವಾರ್ಷಿಕ ವಹಿವಾಟು ಘೋಷಣೆ. ನಾನು ಉದ್ಯಮಿಗಳಿಗೆ ವಿಮೆಯ ವಿಷಯದಲ್ಲಿ ಸಲಹೆ ಕೊಡುವವನು. ಈ ಪ್ರಕರಣವನ್ನು ಬರೆಯುತ್ತಿರುವುದು ಇದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ. ಇದರ ಒಂದು ಭಾಗ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ ಎಂಬುದೂ ಒಂದು ಕಾರಣ. ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ.

ಇಬ್ಬರು ಸಹೋದರರ ಫೌಂಡ್ರಿ. ಪಂಪು ಮತ್ತು ವಾಲ್ವುಗಳ ಬೀಡುಕಬ್ಬಿಣದ ಭಾಗಗಳನ್ನು ಎರಕ ಹೊಯ್ದು, ಯಂತ್ರದಲ್ಲಿ ಕೊರೆದು ಕೊಡುತ್ತಾರೆ. ಅಣ್ಣ ಕಾರ್ಖಾನೆ ನೋಡಿಕೊಳ್ಳುತ್ತಾರೆ, ತಮ್ಮ ರಫ್ತು ನೋಡಿಕೊಳ್ಳುತ್ತಾರೆ. ಕಾರ್ಖಾನೆಯ ಮಾಲು ಯಾರಿಗಾದರೂ ಹಾನಿ ಮಾಡಿದರೆ ಬರುವ ಪರಿಹಾರದ ಹೊಣೆಗಾಗಿ ಉತ್ಪನ್ನ ಹೊಣೆಗಾರಿಕೆ ಪಾಲಿಸಿ ತೆಗೆದುಕೊಂಡಿದ್ದರು.

ಇಂಥ ಪಾಲಿಸಿಯಲ್ಲಿ ವರ್ಷದ ಆರಂಭದಲ್ಲಿ ಕಟ್ಟುವ ಪ್ರೀಮಿಯಂ ಒಂದು ಠೇವಣಿಯಿದ್ದ ಹಾಗೆ. ಇಷ್ಟು ಮಾರಾಟವಾದೀತು ಎಂಬ ಅಂದಾಜಿನ ಮೇಲೆ ಕಟ್ಟುತ್ತೇವೆ. ವರ್ಷ ಮುಗಿದ ಮೇಲೆ ನಿಜವಾದ ಮಾರಾಟವನ್ನು ತಿಳಿಸಬೇಕು, ಹೆಚ್ಚಾಗಿದ್ದರೆ ಉಳಿದದ್ದನ್ನು ಕಟ್ಟಬೇಕು. ಕಡಿಮೆಯಾಗಿದ್ದರೆ ಹಣ ಮರಳುವುದೋ ಇಲ್ಲವೋ ಎಂಬುದು ಪಾಲಿಸಿಯಲ್ಲಿ ಬರೆದ ಕನಿಷ್ಠ ಪ್ರೀಮಿಯಂ ಷರತ್ತಿನ ಮೇಲೆ ನಿಂತಿದೆ. ಇವರ ಪಾಲಿಸಿಯಲ್ಲಿ ಭಾರತದೊಳಗಿನ ಮಾರಾಟಕ್ಕೆ ಲಕ್ಷಕ್ಕೆ 80 ರೂಪಾಯಿ, ಅಮೆರಿಕ ಮತ್ತು ಕೆನಡಾಕ್ಕೆ ಹೋಗುವ ಮಾಲಿಗೆ ಲಕ್ಷಕ್ಕೆ 600 ರೂಪಾಯಿ ದರವಿತ್ತು. ಅಲ್ಲಿನ ನ್ಯಾಯಾಲಯಗಳು ಕೊಡಿಸುವ ಪರಿಹಾರವೂ ವಕೀಲರ ಖರ್ಚೂ ಬಹಳ ದೊಡ್ಡವು. ಹಾಗಾಗಿ ಆ ಎರಡು ದೇಶಗಳನ್ನು ವಿಮೆಯವರು ಪ್ರತ್ಯೇಕ ಸಾಲಿನಲ್ಲಿ ಕೇಳುತ್ತಾರೆ.

ಹಿಂದಿನ ಏಪ್ರಿಲ್‌ನಲ್ಲಿ ಅಂದಾಜು ಕೊಟ್ಟದ್ದು ಭಾರತಕ್ಕೆ 590 ಲಕ್ಷ, ಅಮೆರಿಕಕ್ಕೆ 10 ಲಕ್ಷ. ಕಟ್ಟಿದ್ದು 53,200 ರೂಪಾಯಿ. ಈಗ ತುಂಬಿ ತಂದಿದ್ದ ಘೋಷಣೆಯಲ್ಲಿ ಭಾರತದ ಸಾಲಿನಲ್ಲಿ 826 ಲಕ್ಷವಿತ್ತು. ಅಮೆರಿಕದ ಸಾಲಿನಲ್ಲಿ ಮತ್ತೆ ಅದೇ 10 ಲಕ್ಷ.

ಅಂದಾಜಿನ ಅಂಕಿಯೇ ನಿಜವಾದ ಅಂಕಿಯಾಗಿ ಕುಳಿತಿದ್ದರೆ ನನಗೆ ಕೂಡಲೇ ಅನುಮಾನ ಬರುತ್ತದೆ. ವ್ಯಾಪಾರ ಎಂದೂ ಅಷ್ಟು ದುಂಡಗೆ ಮುಗಿಯುವುದಿಲ್ಲ. ಮೊದಲು 826 ಎಲ್ಲಿಂದ ಬಂತು ಎಂದು ಕೇಳಿದೆ. ಬಿಲ್ಲುಗಳ ಒಟ್ಟು ಮೊತ್ತ ಎಂದರು. ಅಂದರೆ 700 ಲಕ್ಷದ ಮಾರಾಟಕ್ಕೆ ಶೇಕಡ 18ರ ಜಿಎಸ್‌ಟಿ 126 ಲಕ್ಷವೂ ಸೇರಿಕೊಂಡಿತ್ತು. ಅವರ ಪಾಲಿಸಿ ವಹಿವಾಟು ಎಂದರೆ ತೆರಿಗೆ ಬಿಟ್ಟ ಮಾರಾಟ ಎಂದು ಸ್ಪಷ್ಟವಾಗಿ ಹೇಳಿತ್ತು. ಇಷ್ಟೇ ಅಲ್ಲದೆ ರಂಧ್ರ ಬಿದ್ದು ವಾಪಸಾದ ಮಾಲಿಗೆ ಕೊಟ್ಟ 20 ಲಕ್ಷದ ಕ್ರೆಡಿಟ್ ನೋಟುಗಳನ್ನೂ ಕಳೆದಿರಲಿಲ್ಲ. ಸರಿಯಾದ ಅಂಕಿ 680 ಲಕ್ಷ. ತೆರಬೇಕಿಲ್ಲದ 11,680 ರೂಪಾಯಿಯನ್ನು ತೆರಲು ಅವರು ಹೊರಟಿದ್ದರು.

ಅಣ್ಣನ ಮುಖ ಅರಳಿತು. ಆಮೇಲೆ ಅಮೆರಿಕದ ಸಾಲಿಗೆ ಬೆರಳಿಟ್ಟೆ. ತಮ್ಮ ಕೊಂಚ ತಡೆದು, "60 ಲಕ್ಷ ಹೋಗಿದೆ, ಸರ್" ಎಂದರು.

"ಮತ್ತೆ 10 ಯಾಕೆ?"

ಉತ್ತರ ಕೊಟ್ಟವರು ಅಣ್ಣ. "ಅಲ್ಲಿ ಹೆಚ್ಚು ಬರೆದಿದ್ದೆವು, ಇಲ್ಲಿ ಬಿಟ್ಟೆವು. ಒಟ್ಟಿನಲ್ಲಿ ಸರಿಹೋಯಿತಲ್ಲ? ಇದು ತೆರಿಗೆ ಇಲಾಖೆಯ ಕಾಗದವೂ ಅಲ್ಲ. ಯಾರು ನೋಡುತ್ತಾರೆ?"

ಕೋಪ ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಉಪದೇಶ ಮಾಡಲಿಲ್ಲ. ತಮ್ಮನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ವಾಲ್ವ್ ಬಿರುಕು ಬಿಟ್ಟು ಅಲ್ಲಿ ಯಾರಿಗೋ ಗಾಯವಾಯಿತು, ವಕೀಲರ ನೋಟಿಸು ಬಂತು ಎನ್ನಿ. ವಿಮೆಯವರಿಗೆ ಮೊದಲು ಯಾವ ಕಾಗದ ಕಳಿಸುತ್ತೀರಿ?"

"ಶಿಪ್ಪಿಂಗ್ ಬಿಲ್" ಎಂದರು.

ಹಾಗೆಂದವರೇ ಸುಮ್ಮನಾದರು. ಆ ಮಾಲು ತಮ್ಮದು, ಇಂಥ ದಿನ ಅಮೆರಿಕಕ್ಕೆ ಹೋಯಿತು ಎಂದು ಸಾಧಿಸಲು ಅವರು ತೆಗೆಯಬೇಕಾದ ಕಾಗದವೇ ಅವರ ಘೋಷಣೆ ಸುಳ್ಳೆಂದು ಹೇಳುತ್ತದೆ. ದೊಡ್ಡ ಕ್ಲೇಮು ಬಂದಾಗ ವಿಮೆಯವರು ಲೆಕ್ಕಪರಿಶೋಧಿತ ಖಾತೆಗಳನ್ನೂ ಜಿಎಸ್‌ಟಿಯ ವಾರ್ಷಿಕ ರಿಟರ್ನನ್ನೂ ಕೇಳಬಹುದು. ರಫ್ತು ಅಲ್ಲಿ ಬೇರೆಯಾಗಿಯೇ ಕಾಣುತ್ತದೆ. ಗೊತ್ತಿದ್ದೂ ಕಡಿಮೆ ತೋರಿಸಿದ್ದಾರೆ ಎಂದು ಆಗ ತಿಳಿದರೆ ಬಾಕಿ ಪ್ರೀಮಿಯಂ ವಸೂಲಿಗೇ ಮಾತು ನಿಲ್ಲದು, ಕ್ಲೇಮನ್ನೇ ನಿರಾಕರಿಸಲು ಅವರಿಗೆ ದಾರಿ ಸಿಗುತ್ತದೆ.

"ಒಟ್ಟಿನಲ್ಲಿ ಸರಿಹೋಯಿತು" ಎಂಬ ಮಾತೂ ನಿಜವಾಗಿರಲಿಲ್ಲ. ಭಾರತದ ಸಾಲಿನಲ್ಲಿ ಎಷ್ಟೇ ಹೆಚ್ಚು ಬರೆದರೂ ಅದು ಅಮೆರಿಕದ ಅಪಾಯಕ್ಕೆ ಕೊಟ್ಟ ಹಣವಾಗುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವರ ಘೋಷಣೆಯಂತೆ ಹೋದರೆ ಮತ್ತೆ ಕಟ್ಟಬೇಕಾದದ್ದು 18,880 ರೂಪಾಯಿ, ಸರಿಯಾಗಿ ಬರೆದರೆ 37,200, ಎರಡಕ್ಕೂ ಮೇಲೆ ಜಿಎಸ್‌ಟಿ. ವ್ಯತ್ಯಾಸ 18,320. ನನ್ನ ಸಲಹೆ ಅವರಿಗೆ ದುಬಾರಿಯಾಯಿತು. ಅದನ್ನು ಮುಚ್ಚಿಡದೆ ಹೇಳಿದೆ. ಪ್ರೀಮಿಯಂ ಉಳಿಸಿಕೊಡುವವನೇ ಒಳ್ಳೆಯ ಸಲಹೆಗಾರ ಎಂದು ನಂಬುವವರು ನಮ್ಮೂರಿನಲ್ಲಿ ಬಹಳ ಮಂದಿ ಇದ್ದಾರೆ. ನಾನು ಆ ಪಕ್ಷದವನಲ್ಲ.

ಕೊಟ್ಟ ಸಲಹೆ ಇದು. ಪಾಲಿಸಿಯಲ್ಲಿ ಬರೆದಿದ್ದ 60 ದಿನಗಳ ಗಡುವು ಮುಗಿಯಲು ವಾರವಷ್ಟೇ ಇತ್ತು, ಲೆಕ್ಕಪರಿಶೋಧನೆ ಮುಗಿದಿರಲಿಲ್ಲ. ಆದ್ದರಿಂದ ಪುಸ್ತಕದ ಅಂಕಿಗಳನ್ನೇ "ತಾತ್ಕಾಲಿಕ" ಎಂದು ನಮೂದಿಸಿ ಕಳಿಸುವುದು, ಪರಿಶೋಧನೆಯ ನಂತರ ಲೆಕ್ಕಪರಿಶೋಧಕರ ಪ್ರಮಾಣಪತ್ರ ಕಳಿಸುವುದು. ಪುಣೆಯ ಒಬ್ಬ ವ್ಯಾಪಾರಿ ಇವರಿಂದ ಕೊಂಡು ಹೊರದೇಶಕ್ಕೆ ಕಳಿಸುತ್ತಿದ್ದ ಮಾಲು ಪುಸ್ತಕದಲ್ಲಿ ದೇಶದೊಳಗಿನ ಮಾರಾಟವಾಗಿತ್ತು. ಅದನ್ನು ಯಾವ ಸಾಲಿನಲ್ಲಿ ಹಾಕಬೇಕೆಂದು ವಿಮೆಯವರನ್ನೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಲು ಹೇಳಿದೆ. ಹೊಸ ವರ್ಷದ ಪಾಲಿಸಿ ಆಗಲೇ ಏಪ್ರಿಲ್‌ನಿಂದ ಅದೇ 10 ಲಕ್ಷದ ಅಂದಾಜಿನ ಮೇಲೆ ಓಡುತ್ತಿತ್ತು. ಈ ಕೊಂಡಿಯನ್ನು ಹೆಚ್ಚಿನವರು ಮರೆಯುತ್ತಾರೆ. ಅದನ್ನೂ ಅದೇ ಪತ್ರದಲ್ಲಿ ತಿದ್ದಿಸಿದೆವು.

ಹೊರಡುವಾಗ ತಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಅದರ ಹಿಂದಿನ ವರ್ಷವೂ 5 ಲಕ್ಷ ಎಂದು ಬರೆದಿದ್ದೆವು. ಹೋದದ್ದು 22 ಲಕ್ಷ. ಅದನ್ನೂ ಹೇಳಬೇಕೇ?"

ನನ್ನನ್ನು ಕಾಡಿದ್ದು ಇದೇ. ಮುಗಿದ ವರ್ಷವನ್ನು ಕೆದಕಬೇಡಿ ಎನ್ನುವ ಸಲಹೆಗಾರರು ಇದ್ದಾರೆ. ತಾವಾಗಿ ತಪ್ಪು ಒಪ್ಪಿಕೊಂಡರೆ ವಿಮೆಯವರು ಅನುಮಾನದಿಂದ ನೋಡಿಯಾರು ಎಂಬ ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಹೇಳಿ ಎಂದೆ. ಎರಕದ ಭಾಗ ಮಾರಿದ ವರ್ಷವೇ ಒಡೆಯಬೇಕೆಂದೇನೂ ಇಲ್ಲ. ಆ 22 ಲಕ್ಷದ ಮಾಲು ಇಂದಿಗೂ ಅಲ್ಲಿನ ಯಾವುದೋ ಪಂಪಿನೊಳಗೆ ಒತ್ತಡ ತಾಳುತ್ತಿದೆ. ನೋಟಿಸು ಬಂದ ಮೇಲೆ ಕೊಡುವ ತಿದ್ದುಪಡಿಯನ್ನು ಯಾರೂ ನಂಬುವುದಿಲ್ಲ. ಬಾಕಿ 17 ಲಕ್ಷಕ್ಕೆ ಇದೇ ದರದಲ್ಲಿ 10,200 ರೂಪಾಯಿ ಆಗುತ್ತಿತ್ತು.

ಈ ವರ್ಷದ ಘೋಷಣೆ ಗಡುವಿನೊಳಗೆ ಹೋಯಿತು, ಹೆಚ್ಚುವರಿ ಪ್ರೀಮಿಯಂ ಕಟ್ಟಿದರು. ತಮ್ಮ ಈಗ ಅಮೆರಿಕದ ಶಿಪ್ಪಿಂಗ್ ಬಿಲ್ಲುಗಳನ್ನು ತಿಂಗಳುವಾರು ಬೇರೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಹಳೆಯ ವರ್ಷದ ಪತ್ರವನ್ನು ನಾವು ಅಂದೇ ಬರೆದು ಇಟ್ಟಿದ್ದೆವು. ಅದಕ್ಕೆ ಅಣ್ಣ ಇನ್ನೂ ಸಹಿ ಹಾಕಿಲ್ಲ. ಮುಂದಿನ ವಾರ ಕಾರ್ಖಾನೆಗೇ ಹೋಗಿ ಅವರ ಎದುರು ಕುಳಿತುಕೊಳ್ಳಬೇಕೆಂದಿದ್ದೇನೆ.